ವಾಡೆಯ ಗೋಡೆಗೆ ಎರಡು ಮುಖ

ನನ್ನ ಕೆಲಸ ಏನು ಅಂತ ಕೆಂಭಾವಿಯಲ್ಲಿರುವ ನಮ್ಮವ್ವನಿಗೆ ಇವತ್ತಿಗೂ ಸರಿಯಾಗಿ ಹೇಳಿಕೊಡಲು ಆಗಿಲ್ಲ. ಓಣಿಯವರು ಕೇಳಿದರೆ "ಹಳೆ ಮನಿ ಚಿತ್ರ ತಗೀತಾಳ" ಅಂದು ಮುಗಿಸುತ್ತಾಳೆ. ಪೂರ್ತಿ ತಪ್ಪೇನಲ್ಲ. ಹಳೆಯ ಕಟ್ಟಡ ಹೇಗಿದೆಯೋ ಹಾಗೆ ಕಂಪ್ಯೂಟರಿನಲ್ಲಿ ಇನ್ನೊಮ್ಮೆ ಕಟ್ಟುವುದು ನನ್ನ ಕೆಲಸ. ನಮ್ಮವರು ಅದನ್ನು ಬಿಮ್ ಅನ್ನುತ್ತಾರೆ. ನಕ್ಷೆಯಲ್ಲಿ ಗೋಡೆ ಅಂದರೆ ಎರಡು ಗೆರೆ. ನಮ್ಮ ಮಾದರಿಯಲ್ಲಿ ಗೋಡೆ ಗೋಡೆಯೇ: ಎಷ್ಟು ದಪ್ಪ, ಯಾವ ಕಲ್ಲು, ಮೇಲೆ ಯಾವ ತೊಲೆ ಕೂತಿದೆ, ಆ ತೊಲೆಗೆ ಗೆದ್ದಲು ಹಿಡಿದಿದೆಯೋ ಇಲ್ಲವೋ, ಎಲ್ಲ ಅದರೊಳಗೇ ಇರುತ್ತದೆ. ರಿಪೇರಿಗೆ ಎಷ್ಟು ಕಲ್ಲು, ಎಷ್ಟು ಸುಣ್ಣ ಬೇಕು ಅನ್ನುವುದನ್ನೂ ಅದರಿಂದಲೇ ತೆಗೆಯಬಹುದು.

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಒಂದು ಹಳ್ಳಿ. ಅಲ್ಲಿ ಹಳೆಯ ಕಾಲದ ಕಲ್ಲಿನ ವಾಡೆ, ದೊಡ್ಡ ಮನೆತನವೊಂದರ ಮನೆ. ವಾಡೆಯವರು ಎಂದೋ ಊರು ಬಿಟ್ಟಿದ್ದಾರೆ. ಈಗ ಅದರೊಳಗೆ ಹೆಣ್ಣುಮಕ್ಕಳ ಸರಕಾರಿ ಶಾಲೆ ನಡೆಯುತ್ತದೆ. ನಡುವೆ ಅಂಗಳ, ಸುತ್ತ ಕೋಣೆಗಳು, ಮೇಲೆ ಮಣ್ಣಿನ ಮಾಳಿಗೆ. ಇಡೀ ಕಟ್ಟಡದಲ್ಲಿ ಒಂದು ಮೂಲೆಯೂ ಲಂಬಕೋನದಲ್ಲಿಲ್ಲ. ಒಂದು ಕೋಣೆ ಬಾಗಿಲ ಕಡೆ ಅಗಲ, ಒಳಕ್ಕೆ ಹೋದಂತೆ ಕಿರಿದು. ತೊಲೆಗಳೋ, ಬೇವಿನ ಮರ ಹೇಗೆ ಬೆಳೆದಿತ್ತೋ ಹಾಗೆಯೇ ಎತ್ತಿ ಇಟ್ಟದ್ದು. ನನಗಂತೂ ನೋಡಿದ ಕೂಡಲೇ ಇಷ್ಟವಾಯಿತು.

ಇಲಾಖೆಯ ಇಂಜಿನಿಯರ್ ಸಾಹೇಬರಿಗೆ ಇಷ್ಟವಾಗಿರಲಿಲ್ಲ. ಗೋಡೆಗಳು ಉಬ್ಬಿ ಹೊಟ್ಟೆ ಬಂದಿವೆ, ಕಟ್ಟಡ ಅಪಾಯದಲ್ಲಿದೆ, ಪೂರ್ತಿ ಕೆಡವಬೇಕು ಅಂತ ಅವರು ಬರೆದಿದ್ದರು. ಕೆಡವಿದರೆ ಹುಡುಗಿಯರು ಹೆದ್ದಾರಿ ದಾಟಿ, ಕಾಲುವೆಯಾಚೆಯ ಶಾಲೆಗೆ ಹೋಗಬೇಕು. ನನ್ನನ್ನು ಕರೆಸಿದ್ದು ಶಾಲೆಯ ದೊಡ್ಡ ಮೇಡಂ. ಮೊದಲ ದಿನವೇ ಕೂರಿಸಿಕೊಂಡು ಹೇಳಿದ್ದರು, "ಅಷ್ಟು ದೂರ ದೊಡ್ಡ ಹುಡುಗ್ಯಾರ್ನ ಯಾರೂ ಕಳ್ಸಂಗಿಲ್ಲ ತಂಗೀ. ಹತ್ತಿ ಬಿಡ್ಸಾಕ ಕರ್ಕೊಂಡ ಹೋಗ್ತಾರ. ಆಮ್ಯಾಲ ಲಗ್ನ." ಶಾಲೆಯ ಸಮಿತಿ ಸಭೆ ಸೇರುವುದರೊಳಗೆ ರಿಪೇರಿಯ ಅಂದಾಜು ಕೈಗೆ ಸಿಕ್ಕರೆ ಅದನ್ನೂ ನೋಡುವುದಾಗಿ ಸಾಹೇಬರು ಒಪ್ಪಿದ್ದರು. ಸಿಗದಿದ್ದರೆ ಕೆಡವುವುದೇ ಗಟ್ಟಿ.

ಯಾದಗಿರಿಯ ಸ್ಟೇಶನ್ ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲೆ ನಮ್ಮ ಆಫೀಸು. ನಾನು ಮತ್ತು ಕಲಬುರಗಿಯಲ್ಲಿ ನನ್ನ ಜೊತೆಗೇ ಓದಿದ ಗೆಳೆಯ, ಇಬ್ಬರೇ ಪಾಲುದಾರರು. ವಾಡೆಯ ಒಳಗೂ ಹೊರಗೂ ಸ್ಕ್ಯಾನರ್ ಇಟ್ಟು ಅಳೆದದ್ದು ಇಬ್ಬರೂ ಸೇರಿಯೇ. ಆ ಯಂತ್ರ ಮುಕ್ಕಾಲಿ ಮೇಲೆ ನಿಂತು ಸುತ್ತಲೂ ಕಿರಣ ಬಿಡುತ್ತದೆ. ಕಿರಣ ತಾಗಿದ ಕಡೆಯೆಲ್ಲ ಒಂದೊಂದು ಚುಕ್ಕೆ. ಕೋಟಿಗಟ್ಟಲೆ ಚುಕ್ಕೆ ಸೇರಿ ಕಟ್ಟಡದ ಆಕಾರ ಮೂಡುತ್ತದೆ. ಒಳಗಿನದೂ ಹೊರಗಿನದೂ ಒಂದಕ್ಕೊಂದು ಸರಿಯಾಗಿ ಕೂಡಬೇಕಾದರೆ ಬಾಗಿಲು, ಕಿಟಕಿಗಳಲ್ಲಿ ಎರಡೂ ಕಡೆಯಿಂದ ಕಾಣುವ ಗುರುತು ಇಡಬೇಕು. ಅಷ್ಟನ್ನೂ ಇಟ್ಟಿದ್ದೆವು. ಆಮೇಲೆ ಗುರುಮಠಕಲ್ ಕಡೆಯ ಇನ್ನೊಂದು ಕೆಲಸಕ್ಕೆ ನಾನು ಹೋದೆ. ಮಾದರಿ ಕಟ್ಟುವ ಕೆಲಸ ಗೆಳೆಯನ ಪಾಲಿಗೆ ಬಂತು.

ತಿರುಗಿ ಬಂದು ನೋಡುತ್ತೇನೆ, ಪುಣ್ಯಾತ್ಮ ಕಲ್ಲು ಕಲ್ಲೂ ಬಿಡಿಸುತ್ತಾ ಕುಳಿತಿದ್ದಾನೆ. ಬಡಗಣ ಗೋಡೆಯ ಹೊರಮೈ ಒಂದನ್ನೇ ಮುಗಿಸಿದ್ದ. ಒಂದೊಂದು ಕಲ್ಲಿಗೂ ಅದರದೇ ಉಬ್ಬು, ಅದರದೇ ಬಣ್ಣ. ಕಂಬದ ಮೇಲಿನ ಬೋದಿಗೆಯ ಹೂವಿನ ಎಸಳನ್ನೂ ಬಿಟ್ಟಿರಲಿಲ್ಲ. ಮಾದರಿ ತೆರೆಯುವಷ್ಟರಲ್ಲಿ ಕೆಳಗೆ ಹೋಗಿ ಚಹಾ ಕುಡಿದು ಬರಬಹುದಿತ್ತು.

"ಹೆಂಗದ?" ಅಂದ, ಮುಖ ಅರಳಿಸಿ.

"ಛಂದ ಅದ. ಉಳಿದ ಗ್ವಾಡಿ ಎಲ್ಲಿ ಅವ?"

"ಮಾಡಾಕತ್ತೇನಿ."

"ಹಿಂಗ ಮಾಡಿದ್ರ ಈ ಹುಡುಗ್ಯಾರ ಮಕ್ಕಳು ಸಾಲಿಗಿ ಬರೂತನಾ ಮಾಡ್ತಿ."

ಅವನಿಗೆ ಸಿಟ್ಟು ಬಂತು. ನನಗೆ ಮೊದಲೇ ಬಂದಿತ್ತು. ಹಳೆಯ ಕಟ್ಟಡ ಅಂದರೆ ಕಲ್ಲು ಕಲ್ಲಿಗೂ ಮರ್ಯಾದೆ ಕೊಡಬೇಕು ಅಂತ ಅವನ ವಾದ. ಮರ್ಯಾದೆ ಬೇರೆ, ಉಪಯೋಗ ಬೇರೆ ಅಂತ ನನ್ನದು. ಮಾದರಿ ಯಾತಕ್ಕೆ ಬೇಕು ಅನ್ನುವುದನ್ನು ಮೊದಲು ಕೇಳಿಕೊಳ್ಳಬೇಕು. ನಮಗೆ ಬೇಕಾದದ್ದು ರಿಪೇರಿಯ ಅಂದಾಜು. ಹಾಗಾದರೆ ಭಾರ ಇಳಿಯುವ ಕಡೆ, ಹೊಸ ಸಾಮಾನು ಹಳೆಯದನ್ನು ಮುಟ್ಟುವ ಕಡೆ, ಅಂದರೆ ತೊಲೆಯ ತುದಿ, ಗೋಡೆಯ ನೆತ್ತಿ, ಬಿರುಕು ಬಿಟ್ಟ ಜಾಗ, ಇಲ್ಲೆಲ್ಲ ಇದ್ದದ್ದು ಇದ್ದಂತೆ ಬೇಕು. ಬೋದಿಗೆಯ ಹೂವಿಗೆ ಒಂದು ಡಬ್ಬಿಯ ಆಕಾರ ಸಾಕು, ಫೋಟೊ ಅಂಟಿಸಿದರಾಯಿತು. ಗೋಡೆ ನಾಲ್ಕು ಬೆರಳಿನೊಳಗೆ ಸೊಟ್ಟಗಿದ್ದರೆ ನೇರ ಅಂತಲೇ ಇಡು, ಅದನ್ನು ಮೀರಿದರೆ ಸೊಟ್ಟ ತೋರಿಸು ಅಂದೆ. ಕಲ್ಲಿನ ಕಟ್ಟಡದಲ್ಲಿ ಅಷ್ಟು ಸೊಟ್ಟ ಹುಟ್ಟಿನಿಂದಲೇ ಇರುತ್ತದೆ. ಕಲ್ಲು ಕಲ್ಲೂ ಬೇಕಾದವರಿಗೆ ಆ ಚುಕ್ಕೆಗಳು ಹೇಗೂ ಇದ್ದೇ ಇವೆ, ಎಲ್ಲಿಗೂ ಓಡಿ ಹೋಗುವುದಿಲ್ಲ.

ಗೊಣಗುತ್ತಲೇ ಒಪ್ಪಿದ. ಇಬ್ಬರೂ ಕೂತು ಕೋಣೆ ಹಂಚಿಕೊಂಡೆವು, ಕೆಲಸ ಸರಸರ ಸಾಗಿತು. ಪ್ರತಿ ಗೋಡೆಯನ್ನೂ ಸರಳವಾಗಿ ನಿಲ್ಲಿಸುವುದು, ಚುಕ್ಕೆಗಳ ಜೊತೆ ತಾಳೆ ನೋಡುವುದು, ನಾಲ್ಕು ಬೆರಳು ಮೀರಿದ ಕಡೆ ಕೆಂಪು ಬಣ್ಣ ಬರುವಂತೆ ಮಾಡುವುದು. ಗೋಡೆಗಳು ಒಂದೊಂದಾಗಿ ಹಸಿರಾಗಿ ಬರತೊಡಗಿದವು. ಅಲ್ಲೊಂದು ಇಲ್ಲೊಂದು ಕೆಂಪು ಇದ್ದರೂ ಹಳೆಯ ಗಾರೆ ಉದುರಿದ ಜಾಗ, ಅಷ್ಟೇ. ಈ ವಾಡೆಯನ್ನು ಯಾರೂ ಅಲ್ಲಾಡಿಸಲಾರರು ಅಂತ ನಾನು ಆಗಲೇ ಮನಸ್ಸಿನಲ್ಲಿ ಸಾಹೇಬರ ಜೊತೆ ವಾದ ಗೆದ್ದುಬಿಟ್ಟಿದ್ದೆ.

ಬಡಗಣ ಗೋಡೆ ಮಾತ್ರ ಉಳಿದಿತ್ತು. ಅದು ಆಗಲೇ ಆಗಿದೆ, ಕಲ್ಲು ಸಮೇತ ಆಗಿದೆ ಅಂತ ಗೆಳೆಯ ಹೆಮ್ಮೆಯಿಂದ ತೆರೆದ. ಅದನ್ನು ಪರದೆಯ ಮೇಲೆ ಅಡ್ಡಕ್ಕೆ ಕತ್ತರಿಸಿ ನೋಡಿದೆ. ಹೊರಮೈ ನಡುವಿನಲ್ಲಿ ಹೊಟ್ಟೆ ಬಂದಿದೆ. ಒಳಮೈಯೂ ಅದೇ ಅಳತೆಗೆ ಒಳಗಿನಿಂದ ಹೊರಗೆ ಸರಿದಿದೆ. ದಪ್ಪ ಬುಡದಿಂದ ನೆತ್ತಿಯವರೆಗೆ ಒಂದೇ ಸಮ.

"ಒಳಮೈ ಎಲ್ಲಿಂದ ತಂದಿ?"

"ಬಾಗಿಲದಾಗ ದಪ್ಪ ಅಳದೀನಲ್ಲ. ಹೊರಮೈನ ಅಷ್ಟು ದಪ್ಪಕ್ಕ ಒಳಗ ಸರಿಸೀನಿ."

ನಮ್ಮ ಕಸುಬಿನವರು ಮಾತ್ರ ಮಾಡುವ ತಪ್ಪು ಇದು. ಕಂಪ್ಯೂಟರಿನಲ್ಲಿ ಗೋಡೆ ಅಂದರೆ ಒಂದು ಮುಖ, ಒಂದು ದಪ್ಪ. ಇನ್ನೊಂದು ಮುಖ ತಾನಾಗಿ ಬರುತ್ತದೆ. ಹೊಸ ಮನೆಗೆ ಅದು ಸರಿ. ವಾಡೆಯ ಗೋಡೆ ಹಾಗಲ್ಲ. ಅದು ಎರಡು ತೆಳು ಗೋಡೆ, ನಡುವೆ ಮಣ್ಣು ಮತ್ತು ಚೂರುಕಲ್ಲಿನ ಭರ್ತಿ. ಹೊರಗಿನ ಕಲ್ಲನ್ನು ಒಂದೊಂದಾಗಿ ಬಿಡಿಸಿದ ಮನುಷ್ಯ ಒಳಮೈಯ ಚುಕ್ಕೆಗಳನ್ನು ತೆರೆದೇ ನೋಡಿರಲಿಲ್ಲ. ನಾನು ತೆರೆದೆ. ಒಳಮೈ ನೆಟ್ಟಗೆ ನಿಂತಿತ್ತು.

ಎರಡೂ ಮುಖ ಒಟ್ಟಿಗೆ ಬಾಗಿದ್ದರೆ ಗೋಡೆ ವಾಲಿದೆ ಅಂತ ತಿಳಿಯಬಹುದು. ಹೊರಮುಖ ಒಂದೇ ಬಾಗಿದ್ದರೆ ಅದು ಒಳಗಿನದನ್ನು ಬಿಟ್ಟು ಬರುತ್ತಿದೆ, ಯಾವಾಗ ಬೇಕಾದರೂ ಕಳಚಿ ಬೀಳಬಹುದು ಅಂತ ಅರ್ಥ. ಒಳಗಿನ, ಹೊರಗಿನ ಚುಕ್ಕೆಗಳನ್ನು ಜೋಡಿಸುವಾಗ ನಮ್ಮದೇ ತಪ್ಪಾಗಿರಬಹುದೇ ಅಂತ ಯೋಚಿಸಿದೆ. ಹಾಗಾಗಿದ್ದರೆ ಇಡೀ ಗೋಡೆ ಸರಿದಂತೆ ಕಾಣಬೇಕಿತ್ತು. ಬುಡ ಮತ್ತು ನೆತ್ತಿ ಕೂಡಿಕೊಂಡು ನಡು ಮಾತ್ರ ಉಬ್ಬುತ್ತಿರಲಿಲ್ಲ. ಆದರೂ ಕಣ್ಣಾರೆ ನೋಡಬೇಕೆನಿಸಿತು. ಮರುದಿನ ಇಬ್ಬರೂ ಶಹಾಪುರದ ಬಸ್ಸು ಹಿಡಿದೆವು.

ಮಾಳಿಗೆಯಿಂದ ಗೋಡೆಯ ಹೊರಗೆ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟೆವು, ಒಳಗೆ ತೊಲೆಯಿಂದ ಇನ್ನೊಂದು. ಒಳಗೆ ದಾರಕ್ಕೂ ಗೋಡೆಗೂ ಮೇಲಿಂದ ಕೆಳಗಿನವರೆಗೆ ಒಂದೇ ಅಂತರ. ಹೊರಗೆ ದಾರವನ್ನು ಗೋಡೆಯ ಹೊಟ್ಟೆಯೇ ತಳ್ಳಿ ನಿಲ್ಲಿಸಿತ್ತು. ಮೇಲೆ ಮಾಳಿಗೆಯ ನೀರು ಹೊರಗೆ ಬೀಳಿಸುವ ಕಲ್ಲಿನ ದೋಣಿ ಮುರಿದು, ಎಷ್ಟೋ ಮಳೆಗಾಲದ ನೀರು ನೇರ ಗೋಡೆಯೊಳಗೆ ಇಳಿದದ್ದಕ್ಕೆ ಕಪ್ಪು ಗುರುತು ಇತ್ತು. ಗೆಳೆಯ ಅಳತೆ ಬರೆದುಕೊಂಡ.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಹುಡುಗಿಯರು ತಟ್ಟೆ ಹಿಡಿದುಕೊಂಡು ಬಂದು ಅದೇ ಗೋಡೆಯ ಬುಡಕ್ಕೆ ಸಾಲಾಗಿ ಕುಳಿತುಕೊಳ್ಳತೊಡಗಿದರು. ನಡುಮಧ್ಯಾಹ್ನ ನೆರಳಿರುವುದು ಬಡಗಣ ಬದಿಗೆ ಮಾತ್ರ. ನಾನು ಓಡಿಹೋಗಿ ದೊಡ್ಡ ಮೇಡಂ ಅವರ ತೋಳು ಹಿಡಿದೆ.

"ಅಕ್ಕಾರ, ಇವ್ರನ್ನ ಈಗಿಂದೀಗ ಎಬ್ಬಸ್ರಿ. ಇಲ್ಲಿ ಯಾರೂ ಕುಂದ್ರಬಾರದು. ಈ ಗ್ವಾಡಿ ಹಿಂದಿನ ಕ್ವಾಣಿನೂ ಖಾಲಿ ಮಾಡ್ರಿ."

ಅವರು ನನ್ನ ಮುಖ ನೋಡಿದರು. "ವಾಡೆ ಉಳ್ಸಾಕ ಬಂದೀನಿ ಅಂದಿದ್ದಿ ತಂಗೀ. ನೀನೂ ಸಾಹೇಬ್ರಂಗ ಮಾತಾಡಾಕತ್ತಿ."

"ಉಳ್ಸಾಕ ಬಂದೀನ್ರಿ. ಮೊದ್ಲ ಹುಡುಗ್ಯಾರು."

ಮುಂದೆ ಕೇಳಲಿಲ್ಲ ಅವರು. ಗಟ್ಟಿಯಾಗಿ ಒಂದು ಕೂಗು ಹಾಕಿದರು, ಸಾಲು ಎದ್ದು ಒಳಗಿನ ಅಂಗಳಕ್ಕೆ ಹೋಯಿತು. ಆದರೆ ಅವರ ಮುಖ ಕಳೆಗುಂದಿತ್ತು. ಈ ಮಾತನ್ನು ಸಭೆಯಲ್ಲಿ ಹೇಳಿದರೆ ಶಾಲೆ ಹೋಯಿತು ಅಂತಲೇ ಅವರು ತಿಳಿದಿದ್ದರು. ಹೇಳದೆ ಇರುವುದು ನನ್ನಿಂದ ಆಗದ ಮಾತು.

ಸಭೆಯಲ್ಲಿ ಮಾದರಿಯನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ತೋರಿಸಿದೆವು. ಕೆಂಪು ಗೋಡೆ ಕಂಡ ಕೂಡಲೇ ಇಂಜಿನಿಯರ್ ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ನಾ ಮೊದ್ಲ ಹೇಳಿದ್ನಿಲ್ರಿ ಮೇಡಂ? ಹೊಟ್ಟಿ ಬಂದದ ಅಂತ?"

"ಹೇಳಿದ್ರಿ ಸಾಹೇಬ್ರ. ಈ ಗ್ವಾಡಿ ಮಟ್ಟಿಗಿ ನಿಮ್ಮ ಮಾತು ಖರೇ ಅದ. ಇದರ ಹೊರಮೈ ಬಿಚ್ಚಬೇಕು. ಉಳಿದದ್ದರಾಗ ಹೊಟ್ಟಿ ಬಂದದ್ದು ಒಂದರೆ ತೋರಸ್ರಿ, ನಾನೇ ಕೆಡವ್ರಿ ಅಂತೀನಿ."

ಒಂದೊಂದೇ ಗೋಡೆ ತಿರುಗಿಸಿ ತೋರಿಸಿದೆ. ತೊಲೆಯ ತುದಿಗಳನ್ನು ತೋರಿಸಿದೆ, ಯಾವುದು ಬದಲಾಗಬೇಕು, ಯಾವುದು ಬೇಡ. ಅವರು ಬಿಗಿಯಾಗಿಯೇ ಪ್ರಶ್ನೆ ಕೇಳಿದರು, ನಾನೂ ಬಿಗಿಯಾಗಿಯೇ ಉತ್ತರ ಕೊಟ್ಟೆ. ಕೆಂಪನ್ನು ಮೊದಲು ನಾನೇ ತೋರಿಸಿದ್ದಕ್ಕೋ ಏನೋ, ಹಸಿರನ್ನೂ ಅವರು ನಂಬಿದರು. ರಿಪೇರಿಗೆ ಸಹಿ ಬಿತ್ತು.

ಕೆಲಸ ಶುರುವಾದ ದಿನ ಒಳಗೆ ತೊಲೆಗಳಿಗೆ ಆಸರೆ ಕೊಟ್ಟು, ಹೊರಗೆ ದಾರಿ ಬಂದ್ ಮಾಡಿ, ಗೌಂಡಿಗಳು ನೆತ್ತಿಯಿಂದ ಕಲ್ಲು ಇಳಿಸತೊಡಗಿದರು. ಹೊಟ್ಟೆ ಬಂದ ಜಾಗದ ಹತ್ತಿರ ಬಂದಾಗ ಒಂದು ಕಲ್ಲು ತೆಗೆದರೆ ಅದರ ಹಿಂದೆ ಏನೂ ಇರಲಿಲ್ಲ. ಮಣ್ಣೆಲ್ಲ ನೀರಿಗೆ ಕರಗಿ ಕೆಳಗೆ ಕುಸಿದು, ನಡುವಿನಲ್ಲಿ ಒತ್ತಾಗಿ ಕೂತು ಹೊರಮೈಯನ್ನು ತಳ್ಳುತ್ತಿತ್ತು. ಇನ್ನು ಮುಂದೆ ಎರಡೂ ಮೈಯನ್ನು ಹಿಡಿದಿಡುವ ಉದ್ದ ಕಲ್ಲುಗಳನ್ನು ಅಡ್ಡಕ್ಕೆ ಹಾಕಿ, ಸುಣ್ಣದ ಗಾರೆಯಲ್ಲಿ ಕಟ್ಟಬೇಕಿತ್ತು.

ದೊಡ್ಡ ಮೇಡಂ ಅಟ್ಟಣಿಗೆ ಹತ್ತಿ ಬಂದರು. ಬೇಡ ಅಂದರೂ ಕೇಳಲಿಲ್ಲ. ಸೆರಗು ಸಿಕ್ಕಿಸಿ ಆ ಪೊಳ್ಳಿನೊಳಗೆ ಕೈ ಹಾಕಿದರು. ಭುಜದವರೆಗೂ ಹೋಯಿತು. ಕೈ ಹೊರಗೆ ತೆಗೆದು, ಕೆಳಗೆ ಗೋಡೆಯ ಬುಡ ನೋಡಿದರು.

"ಸಣ್ಣವ್ರನ್ನ ಈ ಗ್ವಾಡಿ ಬುಡಕ್ಕ ಹಚ್ಚಿ ಕುಂದ್ರಸ್ತಿದ್ದೆ ತಂಗೀ," ಅಂದರು. "ಬಿಸ್ಲು ತಾಗಬಾರದಂತ."

ಅವರ ಕೈಗೆ ಹತ್ತಿದ ಮಣ್ಣನ್ನು ನನ್ನ ಓಢಣಿಯಿಂದಲೇ ಒರೆಸಿದೆ. ಅಂಗಳದಲ್ಲಿ ಊಟ ಬಡಿಸುತ್ತಿದ್ದರು. ಇಬ್ಬರೂ ಕೆಳಗಿಳಿದು ಹೋಗಿ ತಟ್ಟೆ ಹಿಡಿದು ಆ ಸಣ್ಣವರ ಸಾಲಿನಲ್ಲೇ ಕುಳಿತೆವು. ಹುಡುಗಿಯರು ಅನ್ನಕ್ಕೆ ಇನ್ನಷ್ಟು ಸಾರು ಹಾಕಿರಿ ಅಂತ ಕೂಗುತ್ತಿದ್ದರು, ಮೇಡಂ ಒಬ್ಬೊಬ್ಬರ ತಲೆ ಮುಟ್ಟಿ ಮುಟ್ಟಿ ನೋಡುತ್ತಿದ್ದರು.