ಕತ್ತರಿಸಿ ಎಸೆದ ಮೂರು ಸಾಲು

ರಾಯಚೂರಿನಲ್ಲಿ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸದಿದ್ದರೆ ಅದನ್ನು ಯಾರೂ ಕಾಗದ ಅಂತ ನಂಬುವುದಿಲ್ಲ. ಆಧಾರ್, ಮಾರ್ಕ್ಸ್ ಕಾರ್ಡ್, ಪಹಣಿ, ಮದುವೆಯ ಸರ್ಟಿಫಿಕೇಟ್, ಎಲ್ಲವೂ ನನ್ನ ಅಂಗಡಿಯ ಲ್ಯಾಮಿನೇಷನ್ ಮಷೀನಿನೊಳಗೆ ಹೋಗಿ ಬಿಸಿಬಿಸಿಯಾಗಿ ಹೊರಬಂದ ಮೇಲೇ ಜನಕ್ಕೆ ಸಮಾಧಾನ. ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಹನ್ನೆರಡು ವರ್ಷದಿಂದ ಈ ಆನ್‌ಲೈನ್ ಅಂಗಡಿ ನಡೆಸುತ್ತಿದ್ದೇನೆ. ಅರ್ಜಿ ತುಂಬುತ್ತೇನೆ, ಝೆರಾಕ್ಸ್ ಮಾಡುತ್ತೇನೆ, ರೈಲು ಮತ್ತು ವಿಮಾನದ ಟಿಕೆಟ್ ತೆಗೆಯುತ್ತೇನೆ. ನಾನು ಸಿಡುಕಿ. "ಅಕ್ಕಾರ ಬಾಯಿ ಖಾರ, ಕೆಲಸ ಮಾತ್ರ ಪಕ್ಕಾ" ಅಂತ ಗಿರಾಕಿಗಳೇ ಹೇಳುತ್ತಿದ್ದರು. ಆ ಎರಡನೆಯ ಮಾತು ಕೇಳಿ ಕೇಳಿ ನನಗೆ ಜಂಬ ನೆತ್ತಿಗೇರಿತ್ತು ಅಂತ ಈಗ ಅನ್ನಿಸುತ್ತದೆ.

ಆಕೆ ಮಾನ್ವಿಯವಳು. ಮನೆಯಲ್ಲಿ ಜಂಪರ್ ಹೊಲಿಯುತ್ತಿದ್ದಳು. ಗಂಡ ಕೊಲ್ಲಿ ದೇಶದಲ್ಲಿ ಎಸಿ ರಿಪೇರಿ ಕೆಲಸದಲ್ಲಿದ್ದ. ಆತನ ಟಿಕೆಟ್ಟುಗಳನ್ನೂ ನಾನೇ ತೆಗೆದುಕೊಟ್ಟಿದ್ದೆ, ಆ ಪರಿಚಯ. ಒಂದು ದಿನ ತಮ್ಮನನ್ನು ಕರೆದುಕೊಂಡು ಬಂದಳು. ತಮ್ಮ ಮಾನ್ವಿ ಮಾರ್ಕೆಟ್ಟಿನಲ್ಲಿ ಹಣ್ಣಿನ ವ್ಯಾಪಾರಿ. ಗಂಡ ತಲೆಯಲ್ಲಿ ರಕ್ತನಾಳ ಒಡೆದು ಆಸ್ಪತ್ರೆಯಲ್ಲಿದ್ದಾನೆ, ಅರೆಪ್ರಜ್ಞೆಯಲ್ಲಿ ಹೆಂಡತಿಯ ಹೆಸರು ಹಿಡಿದು ಕೂಗುತ್ತಾನೆ ಅಂತ ಆತನ ರೂಮಿನ ಗೆಳೆಯರು ಫೋನ್ ಮಾಡಿದ್ದರಂತೆ. ಅವರೇ ಓಡಾಡಿ ಆಕೆಗೆ ವಿಸಿಟ್ ವೀಸಾ ಮಾಡಿಸಿ ಮೊಬೈಲಿಗೆ ಕಳಿಸಿದ್ದರು.

"ಅಕ್ಕಾರ, ಜೀವ ಇರೂದ್ರೊಳಗ ಒಮ್ಮೆ ಮುಖ ನೋಡ್ಬೇಕ್ರಿ. ಮತ್ತೇನೂ ಬ್ಯಾಡ ನನಗ," ಅಂದಳು.

"ನೋಡ್ತಿ ತಂಗಿ. ನಾ ಇದ್ದೀನಿ, ಯಾಕ ಅಳಾಕತ್ತಿ?" ಅಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ.

ಗುರುವಾರ ಮಧ್ಯಾಹ್ನ ಎರಡಕ್ಕೆ ಹೈದರಾಬಾದಿನಿಂದ ಹೊರಡುವ ವಿಮಾನಕ್ಕೆ ಹೋಗಿಬರುವ ಟಿಕೆಟ್ ತೆಗೆದೆ. ವೆಬ್ ಚೆಕ್-ಇನ್ ಒಂದೊಂದು ಕಂಪನಿಗೆ ಒಂದೊಂದು ಹೊತ್ತಿಗೆ ಶುರುವಾಗುತ್ತದೆ. ಕೆಲವರದು ಹೊರಡುವ ಇಪ್ಪತ್ತನಾಲ್ಕು ತಾಸು ಮೊದಲು, ಕೆಲವರದು ನಲವತ್ತೆಂಟು. ಈ ವಿಮಾನದ್ದು ನಲವತ್ತೆಂಟು. ಅಂದರೆ ಮಂಗಳವಾರ ಮಧ್ಯಾಹ್ನ ಎರಡು. ಒಂದೂ ಐವತ್ತಕ್ಕೇ ಕಂಪ್ಯೂಟರ್ ಮುಂದೆ ಕೂತೆ. ಪಡಿತರ ಚೀಟಿಗೆ ಬಂದಿದ್ದ ಒಬ್ಬ ಮುದುಕನನ್ನು "ಸ್ವಲ್ಪ ತಡೀರಿ ಯಪ್ಪಾ, ತಲಿ ತಿನ್ನಬ್ಯಾಡ್ರಿ" ಅಂತ ಗದರಿದ್ದೂ ನೆನಪಿದೆ. ಎರಡು ಹೊಡೆಯುತ್ತಲೇ ಒಳಗೆ ಹೋದೆ. ಪಾಸ್‌ಪೋರ್ಟ್ ನಂಬರು, ಹುಟ್ಟಿದ ತಾರೀಖು, ವೀಸಾ ನಂಬರು, ತಮ್ಮನ ಮೊಬೈಲ್ ನಂಬರು, ಎಲ್ಲ ತುಂಬಿದೆ. ಬಾಗಿಲಿಗೆ ಹತ್ತಿರವಾದ ಸೀಟು ಹಿಡಿದೆ, ಇಳಿದ ಕೂಡಲೇ ಆಸ್ಪತ್ರೆಗೆ ಓಡಲಿ ಅಂತ. ಪುಟ ಬಂತು. ಮೇಲೆ ಚೆಕ್-ಇನ್ ಆಗಿದೆ ಅಂತ ಹಸಿರು ಅಕ್ಷರ, ನಡುವೆ ಹೆಸರು, ಸೀಟು, ಹೊತ್ತು. ಅಡಿಯಲ್ಲಿ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಮೂರು ಸಾಲು.

ಆ ಮೂರು ಸಾಲು ನನ್ನ ಕಣ್ಣಿಗೆ ಬಿದ್ದಿದ್ದವು. ಬೀಳಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ನನ್ನ ಗಿರಾಕಿಗಳು ಹೆಚ್ಚಾಗಿ ದೆಹಲಿಗೋ ಮುಂಬೈಗೋ ಹೋಗುವ ಹತ್ತಿ ವ್ಯಾಪಾರಿಗಳು, ಯರಗೇರಾದ ಯುನಿವರ್ಸಿಟಿಯಲ್ಲಿ ಓದುವ ಮಕ್ಕಳು. ಅವರ ಪುಟದ ಅಡಿಯಲ್ಲೂ ಇಂಥವೇ ಸಾಲುಗಳಿರುತ್ತವೆ, ಬ್ಯಾಗಿನ ತೂಕ, ಒಯ್ಯಬಾರದ ಸಾಮಾನು. ಅವರಿಗೆ ವೆಬ್ ಚೆಕ್-ಇನ್ ಆದರೆ ಬೋರ್ಡಿಂಗ್ ಪಾಸೇ ಕೈಗೆ ಬಂದಹಾಗೆ. ಬ್ಯಾಗು ಹಾಕುವುದಿಲ್ಲದಿದ್ದರೆ ಕೌಂಟರಿನ ಕಡೆ ತಿರುಗಿಯೂ ನೋಡದೆ ನೇರ ತಪಾಸಣೆಗೆ ಹೋಗುತ್ತಾರೆ. ಇದೂ ಹಾಗೇ ಅಂದುಕೊಂಡೆ. ಈಕೆಯ ಗಂಡನ ಟಿಕೆಟ್ ತೆಗೆದಾಗ ಚೆಕ್-ಇನ್ ನಾನು ಮಾಡಿರಲಿಲ್ಲ. ಆತ ಎರಡು ದೊಡ್ಡ ಪೆಟ್ಟಿಗೆ ಹೊತ್ತು ತಾನೇ ಕೌಂಟರಿಗೆ ಹೋಗುತ್ತಿದ್ದ.

ಪ್ರಿಂಟ್ ತೆಗೆದೆ. ಮಾನ್ವಿಯಿಂದ ಬಂದು ಆಕೆ ಪಕ್ಕದಲ್ಲೇ ಕಾದು ಕೂತಿದ್ದಳು. "ಪ್ಲಾಸ್ಟಿಕ್ ಹಾಕಿ ಕೊಡ್ರಿ ಅಕ್ಕಾರ, ಕೈ ಬೆವರ್ತಾವ," ಅಂದಳು. ದೊಡ್ಡ ಕವರ್ ಖಾಲಿಯಾಗಿತ್ತು, ಇದ್ದದ್ದು ಸಣ್ಣ ಅಳತೆಯವು. ಪುಟವನ್ನು ಕಟರಿನ ಕೆಳಗಿಟ್ಟು ಮೇಲೊಂದು ಚೂರು, ಕೆಳಗೊಂದು ಚೂರು ಕತ್ತರಿಸಿದೆ. ಮಷೀನಿಗೆ ಹಾಕಿದೆ. ಮದುವೆ ಕಾರ್ಡಿನಂತೆ ಮಿರಿಮಿರಿ ಹೊಳೆಯುತ್ತ ಬಂತು. ಆಕೆ ಅದನ್ನು ಕಣ್ಣಿಗೊತ್ತಿಕೊಂಡಳು.

ಬುಧವಾರ ತಮ್ಮ ಫೋನ್ ಮಾಡಿದ. "ಅಕ್ಕಾರ, ನಮ್ಮವ್ವ ದೇವದುರ್ಗದಾಗ ಇರ್ತಾಳ. ಇಮಾಮ್ ಜಾಮಿನ್ ಕಟ್ಟಲಾರದ ಮಗಳನ್ನ ಕಳಿಸಂಗಿಲ್ಲ ಅಂತ ಹಟ ಹಿಡಿದಾಳ. ಮುಂಜಾನಿ ಅಲ್ಲಿಗೆ ಹೋಗಿ ಹೊಂಟ್ರ ನಡೀತದೇನ್ರಿ?" ದೂರ ಪ್ರಯಾಣಕ್ಕೆ ಹೊರಟವರ ತೋಳಿಗೆ ಮನೆಯ ಹಿರಿಯರು ಬಟ್ಟೆಯಲ್ಲಿ ನಾಣ್ಯ ಸುತ್ತಿ ಕಟ್ಟುವ ಪದ್ಧತಿ ಅದು. ಮಂಡಿ ನೋವಿನ ಮುದುಕಿ ಮಾನ್ವಿಗೆ ಬರುವ ಹಾಗಿರಲಿಲ್ಲ.

"ಹೋಗ್ರಿ, ಚಿಂತಿ ಮಾಡಬ್ಯಾಡ್ರಿ. ಚೆಕ್-ಇನ್ ಆಗ್ಯಾದ, ಕೈಯಾಗ ಒಂದು ಚೀಲ ಅಷ್ಟ. ಒಂದೂವರಿ ತಾಸು ಮೊದಲ ಮುಟ್ಟಿದ್ರ ಸಾಕು. ಅಲ್ಲಿ ಕೌಂಟರಿನ ಲೈನಿನ್ಯಾಗ ನಿಂದ್ರಬ್ಯಾಡ ಅಂತ ಹೇಳು, ಸೀದಾ ಒಳಗ ಹೋಗಂತ ಹೇಳು."

ಗುರುವಾರ ಅವರು ದೇವದುರ್ಗಕ್ಕೆ ಹೋಗಿ, ತೋಳಿಗೆ ಕಟ್ಟಿಸಿಕೊಂಡು, ರಾಯಚೂರಿನ ಮೇಲೆ ಹಾದು ಹೈದರಾಬಾದಿನ ದಾರಿ ಹಿಡಿದರು. ಹನ್ನೆರಡೂವರೆಗೆ ತಮ್ಮ ಫೋನ್ ಮಾಡಿದ. "ಮುಟ್ಟಿದ್ವಿರಿ. ಅಕ್ಕ ಒಳಗ ಹೋದಳು." ನಾನು ಹೇಳಿದ ಹೊತ್ತಿಗೆ ಸರಿಯಾಗಿ. ಶಭಾಷ್ ಅಂತ ನನಗೆ ನಾನೇ ಹೇಳಿಕೊಂಡು ಊಟದ ಡಬ್ಬಿ ಬಿಚ್ಚಿದೆ.

ಒಂದೂ ಹತ್ತಕ್ಕೆ ಆಕೆಯ ಫೋನ್ ಬಂತು. ಅಳುವಿನಲ್ಲಿ ಮಾತು ತಿಳಿಯುತ್ತಿರಲಿಲ್ಲ. "ಬಿಡವಲ್ರು ಅಕ್ಕಾರ, ಬಿಡವಲ್ರು..." ಯಾರೋ ಫೋನ್ ಇಸಿದುಕೊಂಡರು. ವಿಮಾನ ಕಂಪನಿಯ ಹುಡುಗಿ. ಹಿಂದಿಯಲ್ಲಿ ಮೆತ್ತಗೆ ಮಾತಾಡಿದಳು. ಈಕೆ ಕೌಂಟರಿನ ಮುಂದೆಯೇ ಹಾದುಹೋಗಿ ಇಮಿಗ್ರೇಷನ್ನಿನ ಲೈನಿನಲ್ಲಿ ಅರ್ಧ ತಾಸು ನಿಂತಿದ್ದಾಳೆ. ತುದಿಗೆ ಬಂದಾಗ ಕಾವಲಿನವನು ಬೋರ್ಡಿಂಗ್ ಪಾಸ್ ಕೇಳಿದ್ದಾನೆ. ಇದಲ್ಲ, ಕೌಂಟರಿನಲ್ಲಿ ತೆಗೆದುಕೊಂಡು ಬಾ ಅಂತ ತಿರುಗಿಸಿದ್ದಾನೆ. ಓಡಿ ಬರುವಷ್ಟರಲ್ಲಿ ಒಂದು ದಾಟಿದೆ. ಹೊರಡುವ ಒಂದು ತಾಸು ಮೊದಲು ಕೌಂಟರ್ ಮುಚ್ಚುತ್ತದೆ.

"ಚೆಕ್-ಇನ್ ಆಗಿದೆಯಲ್ಲಮ್ಮಾ! ಮಂಗಳವಾರವೇ ಮಾಡಿದ್ದೇನೆ!" ಅಂತ ಕೂಗಾಡಿದೆ. ಬಾಯಿ ಖಾರ ಅಂದೆನಲ್ಲ.

ಅವಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. ವೆಬ್ ಚೆಕ್-ಇನ್‌ನಲ್ಲಿ ನೀವು ಸೀಟು ಹಿಡಿದಿರಿ, ನಂಬರು ತುಂಬಿದಿರಿ. ಆ ನಂಬರಿನ ಪಾಸ್‌ಪೋರ್ಟ್ ಇವರದೇ ಹೌದೋ, ವೀಸಾ ಚಾಲ್ತಿಯಲ್ಲಿದೆಯೋ, ಎರಡರಲ್ಲೂ ಹೆಸರು ಒಂದೇ ಇದೆಯೋ, ವಾಪಸ್ ಟಿಕೆಟ್ ಇದೆಯೋ, ಇದನ್ನೆಲ್ಲ ಮನುಷ್ಯರು ಕಣ್ಣಿಂದ ನೋಡಬೇಕು. ಕಾಗದ ಸರಿಯಿಲ್ಲ ಅಂತ ಆ ದೇಶದವರು ಬಾಗಿಲಲ್ಲೇ ತಡೆದರೆ ಪ್ರಯಾಣಿಕರನ್ನು ವಾಪಸ್ ತರುವುದು ನಮ್ಮ ಮೇಲೆ ಬರುತ್ತದೆ, ದಂಡವೂ ನಮಗೇ. ಕೆಲವು ದೇಶಕ್ಕೆ ಕೆಲವರಿಗೆ ಬೋರ್ಡಿಂಗ್ ಪಾಸ್ ಮನೆಯಲ್ಲೇ ಸಿಗುತ್ತದೆ. ಇಂಥ ವಿಸಿಟ್ ವೀಸಾದವರಿಗೆ ನಾವು ಕೌಂಟರಿನಲ್ಲಿ ನೋಡಿದ ಮೇಲೇ ಕೊಡುತ್ತೇವೆ.

"ಇವರ ಕಾಗದ ಎಲ್ಲ ಸರಿಯಾಗಿವೆ ಮೇಡಂ. ಹತ್ತು ನಿಮಿಷ ಮೊದಲು ಬಂದಿದ್ದರೆ ಎರಡು ನಿಮಿಷದ ಕೆಲಸ. ಪುಟದ ಅಡಿಯಲ್ಲೇ ಬರೆದಿರುತ್ತದಲ್ಲ. ಇವರ ಕೈಯಲ್ಲಿರುವ ಕಾರ್ಡಿನಲ್ಲಿ ಯಾಕೋ ಆ ಸಾಲು ಕಾಣುತ್ತಿಲ್ಲ."

ಫೋನ್ ಹಿಡಿದುಕೊಂಡೇ ನೆಲಕ್ಕೆ ಕೂತೆ. ಕಟರಿನ ಕೆಳಗಿನ ಕಸದ ಬುಟ್ಟಿ ಖಾಲಿ ಮಾಡಿ ಮೂರು ದಿನವಾಗಿತ್ತು. ಫೋಟೋದ ಅಂಚು, ಆಧಾರಿನ ಅಂಚು, ಎಲ್ಲ ಕೆದಕಿದೆ. ಎರಡು ಬೆರಳಗಲದ ಆ ಪಟ್ಟಿ ಸಿಕ್ಕಿತು. ಇದು ಬೋರ್ಡಿಂಗ್ ಪಾಸ್ ಅಲ್ಲ. ದಾಖಲೆ ತಪಾಸಣೆಗೆ ಕೌಂಟರಿಗೆ ಬನ್ನಿ. ಹೊರಡುವ ಅರವತ್ತು ನಿಮಿಷ ಮೊದಲು ಕೌಂಟರ್ ಮುಚ್ಚುತ್ತದೆ. ಮೂರೇ ಸಾಲು. 

ಮರುದಿನ ಮಧ್ಯಾಹ್ನದ ಅದೇ ವಿಮಾನಕ್ಕೆ ಸೀಟು ಸಿಕ್ಕಿತು. ತಕ್ಷಣ ಟಿಕೆಟ್ ತೆಗೆದೆ. ಅಕ್ಕ ತಮ್ಮ ಅಲ್ಲೇ ವಿಮಾನ ನಿಲ್ದಾಣದ ಹೊರಗೆ ಕಾದರು. ಶುಕ್ರವಾರ ಬೆಳಗ್ಗೆ ಹತ್ತಕ್ಕೆ, ಕೌಂಟರ್ ತೆರೆಯಲು ಇನ್ನೂ ಒಂದು ತಾಸಿರುವಾಗ, ಆಕೆಯ ಮೊಬೈಲಿಗೆ ಗಂಡನ ರೂಮಿನ ಗೆಳೆಯರ ಫೋನ್ ಬಂತು. ಆತ ತೀರಿಕೊಂಡಿದ್ದ. ಗುರುವಾರದ ವಿಮಾನ ಹತ್ತಿದ್ದರೆ ಗುರುವಾರ ಸಂಜೆಗೇ ಹಾಸಿಗೆಯ ಪಕ್ಕದಲ್ಲಿರುತ್ತಿದ್ದಳು.

ಆಕೆ ಹೋಗಲಿಲ್ಲ. ಯಾರನ್ನು ನೋಡಲು ಹೋಗಬೇಕು? ಕಾಗದಪತ್ರ ಮುಗಿದು ಹತ್ತು ದಿನದ ಮೇಲೆ ಪೆಟ್ಟಿಗೆ ಬಂತು, ಅದೇ ವಿಮಾನ ನಿಲ್ದಾಣದ ಸರಕಿನ ಬಾಗಿಲಿನಿಂದ. ಮಣ್ಣು ಕೊಡುವ ದಿನ ಮಾನ್ವಿಗೆ ಹೋದೆ. ಹೆಂಗಸರ ನಡುವೆ ಕೂತಿದ್ದ ಆಕೆಯ ತೋಳಿನಲ್ಲಿ ತಾಯಿ ಕಟ್ಟಿದ್ದ ಹಸಿರು ಬಟ್ಟೆ ಇನ್ನೂ ಇತ್ತು. ಮಂಡಿ ನೋವಿನಲ್ಲೇ ದೇವದುರ್ಗದಿಂದ ಬಂದ ಆ ತಾಯಿ ಎದೆ ಎದೆ ಬಡಿದುಕೊಳ್ಳುತ್ತಿದ್ದಳು. "ನಂದ ತಪ್ಪು ಯವ್ವಾ. ನಾ ಹಟ ಹಿಡಿಲಾರದಿದ್ರ ನನ್ನ ಮಗಳು ಮುಟ್ಟತಿದ್ದಳು. ನಾ ತಡಾ ಮಾಡಿಸಿದೆ."

ಅಲ್ಲ ಯವ್ವಾ, ತಡ ಆಗಿರಲಿಲ್ಲ, ಅರ್ಧ ತಾಸು ಕೈಯಲ್ಲಿತ್ತು, ಮಾಡಿದವಳು ನಾನು ಅಂತ ಹೇಳಬೇಕಿತ್ತು. ಬಾಯಿ ತೆಗೆದೆ. ಊರಿನ ಅಧಿಕಾರಿಗಳನ್ನೆಲ್ಲ ಬೈದು ಬಂದ ನನ್ನ ಬಾಯಿ ಅಲ್ಲಿ ಏಳಲಿಲ್ಲ. ಮುದುಕಿ ಬಡಿದುಕೊಳ್ಳುತ್ತಲೇ ಇದ್ದಳು, ನಾನು ನೋಡುತ್ತ ಕೂತೆ. ಥೂ, ಇಂಥ ಹೇಡಿ ನಾನು ಅಂತ ಅವತ್ತಿನವರೆಗೆ ನನಗೇ ಗೊತ್ತಿರಲಿಲ್ಲ. ಬಸ್ಸು ಹತ್ತಿ ರಾಯಚೂರಿಗೆ ಬಂದುಬಿಟ್ಟೆ.

ಈಗ ಹೊರದೇಶಕ್ಕೆ ಹೋಗುವವರು ಬಂದರೆ ಪುಟದ ಕೊನೆಯ ಚುಕ್ಕೆಯವರೆಗೆ ಓದಿ ಹೇಳುತ್ತೇನೆ. ಚೆಕ್-ಇನ್ ಆಗಿದ್ದರೂ ಮೂರು ತಾಸು ಮೊದಲು ಹೋಗಿ ಕೌಂಟರಿನಲ್ಲಿ ನಿಂತುಕೊಳ್ಳಿ ಅನ್ನುತ್ತೇನೆ. "ಎಷ್ಟು ಸಲ ಹೇಳ್ತೀರಿ ಅಕ್ಕಾರ" ಅಂತ ನಗುತ್ತಾರೆ. ನಗಲಿ.

ನಾಲ್ಕು ತಿಂಗಳ ಮೇಲೆ ಆಕೆ ಅಂಗಡಿಗೆ ಬಂದಳು, ಒಬ್ಬಳೇ. ಗಂಡನ ಮರಣ ಪ್ರಮಾಣಪತ್ರ ತಂದಿದ್ದಳು, ಒಂದು ಕಡೆ ಅರಬಿ, ಒಂದು ಕಡೆ ಇಂಗ್ಲಿಷ್. ಪ್ಲಾಸ್ಟಿಕ್ ಹಾಕಿಸಬೇಕಂತೆ. ನಾನು ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ಈಗಲಾದರೂ ಹೇಳಿಬಿಡಬೇಕು ಅಂದುಕೊಂಡೆ. ಹೇಳುವ ಬದಲು ಕಾಗದ ಇಸಿದುಕೊಂಡು ಅಳತೆ ನೋಡಿದೆ. ಕಾಗದ ಕವರಿಗಿಂತ ಒಂದಿಷ್ಟು ಉದ್ದವಿತ್ತು. ಹನ್ನೆರಡು ವರ್ಷದ ಅಭ್ಯಾಸ, ಕೈ ತಾನಾಗಿ ಕಟರಿನ ಕಡೆ ಹೋಯಿತು.

ಆಕೆ ಎದ್ದು ಬಂದು ನನ್ನ ಮುಂಗೈ ಹಿಡಿದಳು.

"ಕತ್ತರಿಸಬ್ಯಾಡ್ರಿ ಅಕ್ಕಾರ," ಅಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. "ಆ ದಿನದ ಪೂರಾ ಪುಟ ನನ್ನ ತಮ್ಮನ ಮೊಬೈಲಿಗೂ ಬಂದಿತ್ತು. ಆಮ್ಯಾಲೆ ನೋಡಿದ್ವಿ. ಇದರಾಗ ಮಾತ್ರ ಎಲ್ಲಾ ಅಕ್ಷರ ಇರಲಿರಿ."