ಒಂದು ಗೆರೆ ಸಾಕು ಅಂದಿದ್ದೆ

ಯುದ್ಧದ ಕಾಲ. ಸವಣೂರಿನ ಒಂದು ಸಣ್ಣ ಛಾಪಖಾನೆಯಲ್ಲಿ ಕರಡು ತಿದ್ದುವ ಕೆಲಸ ನನ್ನದು. ಯಾರಾದರೂ ಹಸ್ತಪ್ರತಿ ತಂದರೆ ಮೊದಲ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಿದ್ದೆ. ಒಂದು ಗೆರೆ ಅಂದರೆ ಬರೆದದ್ದು ಸರಿಯಿದೆ, ಅಚ್ಚಿನ ಮೊಳೆ ಜೋಡಿಸಿದ ಮೇಲೆ ಅಕ್ಷರದ ತಪ್ಪು ನೋಡಿದರೆ ಸಾಕು. ಎರಡು ಗೆರೆ ಅಂದರೆ ವಾಕ್ಯಗಳನ್ನು ನೆಟ್ಟಗೆ ಮಾಡಬೇಕು, ಹೇಳಿದ ವಿಷಯ ಮುಟ್ಟಬಾರದು. ಮೂರು ಗೆರೆ ಬಿದ್ದರೆ ಆ ಬರಹವನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಮೂರು ಗೆರೆ ಎಳೆದರೆ ಬರೆದವರು ಮುಖ ಗಂಟಿಕ್ಕುತ್ತಿದ್ದರು, ಮಾಲಕರೂ ಗಂಟಿಕ್ಕುತ್ತಿದ್ದರು. ಹಾಗಾಗಿ ನನ್ನ ಕೈ ಒಂದು ಗೆರೆಗೇ ಓಡುತ್ತಿತ್ತು.

ಹಿರೇಕೆರೂರಿನ ದವಾಖಾನೆಯಲ್ಲಿ ನರ್ಸಬಾಯಿಯಾಗಿದ್ದ ಒಬ್ಬರು ಹೆರಿಗೆಯ ಬಗ್ಗೆ ಹದಿನಾರು ಪುಟದ ಪುಸ್ತಕ ಬರೆದು ತಂದರು. ಸುತ್ತಲಿನ ನಾಲ್ಕು ತಾಲೂಕಿನ ಸೂಲಗಿತ್ತಿಯರು ಸವಣೂರಿನಲ್ಲಿ ಸೇರುವವರಿದ್ದರು. ಅಲ್ಲಿ ಐದುನೂರು ಪ್ರತಿ ಹಂಚಿ ನರ್ಸಬಾಯಿ ನೌಕರಿ ಬಿಡುವವರಿದ್ದರು. ಇನ್ನೊಮ್ಮೆ ಹೀಗೆ ಎಲ್ಲರೂ ಸೇರುವ ಭರವಸೆ ಇರಲಿಲ್ಲ. ಕಾಗದಕ್ಕೆ ಪರವಾನಗಿ ಸಿಕ್ಕಿದ್ದು ಅಷ್ಟಕ್ಕೇ, ಒಂದು ಹಾಳೆಯೂ ಹೆಚ್ಚಿಲ್ಲ.

ನಾನು ಮೊದಲ ನಾಲ್ಕು ಪುಟ ಓದಿದೆ. ದುಂಡನೆಯ ಅಕ್ಷರ, ಚಂದದ ಭಾಷೆ. ಒಂದು ಗೆರೆ ಎಳೆದೆ. ನಮ್ಮಲ್ಲಿದ್ದ ಮೊಳೆ ಎಂಟು ಪುಟಕ್ಕಷ್ಟೇ ಸಾಲುತ್ತಿತ್ತು. ಎಂಟು ಪುಟ ಜೋಡಿಸಿ, ಅಚ್ಚು ಹಾಕಿ, ಮೊಳೆ ಬಿಚ್ಚಿ, ಆಮೇಲೆ ಉಳಿದ ಎಂಟು. ಹಾಗೇ ಆಯಿತು. ಮೊದಲಿನ ಎಂಟು ಪುಟ ಐದುನೂರು ಪ್ರತಿ ಅಚ್ಚಾಗಿ ಕಟ್ಟಿಟ್ಟ ಮೇಲೆ ನಾನು ಹದಿನೈದನೆಯ ಪುಟ ಓದಿದೆ.

ಅಲ್ಲಿ ಅವರ ಮಗಳ ಕತೆಯಿತ್ತು. ಹೆರಿಗೆಯಲ್ಲಿ ಕೂಸು ಹುಟ್ಟಿದ ಮೇಲೆ ಸೂಲಗಿತ್ತಿ ಹೊಕ್ಕಳಬಳ್ಳಿ ಹಿಡಿದು ಒಳಗಿನ ಮಾಸನ್ನು ಎಳೆದಿದ್ದರಿಂದ ರಕ್ತ ನಿಲ್ಲದೆ ಮಗಳು ಸತ್ತಿದ್ದಳು. ಆ ಕತೆಯ ಕೊನೆಗೆ, ಬಳ್ಳಿಯನ್ನು ಎಂದೂ ಎಳೆಯಬೇಡಿ ಅಂತ ಒಂದು ಸಾಲು. ಆದರೆ ಅಚ್ಚಾದ ಆರನೆಯ ಪುಟದಲ್ಲಿ ಬಳ್ಳಿ ಕಟ್ಟಿ ಕತ್ತರಿಸಿದ ಮೇಲೆ ‘ಮಾಸು ತೆಗೆಯಿರಿ’ ಅಂತಷ್ಟೇ ಇತ್ತು. ತೆಗೆಯಿರಿ ಅಂದರೆ ಬಳ್ಳಿ ಹಿಡಿದು ಎಳೆಯುವುದೇ. ಸೂಲಗಿತ್ತಿಯರಿಗೆ ಓದು ಬರುವುದಿಲ್ಲ. ಮನೆಯಲ್ಲಿ ಯಾರೋ ಓದಿ ಹೇಳುತ್ತಾರೆ, ಅವರು ಕೇಳಿದಂತೆ ಮಾಡುತ್ತಾರೆ. ಹದಿನೈದನೆಯ ಪುಟಕ್ಕೆ ಯಾರು ಕಾಯುತ್ತಾರೆ?

ಮಾಲಕರಿಗೆ ಹೇಳಿದೆ.

“ತಪ್ಪು ತಿದ್ದಿ ಒಂದು ಒಪ್ಪೋಲೆ ಚೀಟಿ ಅಂಟಸ್ರಿ ಮಾಸ್ತರ.”

“ಚೀಟಿ ಉದುರಿ ಬಿದ್ರ ಯಾರ ಸಾಯೋದ್ರಿ?”

“ನೀವ ಅಲ್ಲೇನ್ರಿ ಒಂದು ಗೆರಿ ಎಳದವ್ರು,” ಅಂದರು.

ಐದುನೂರೂ ಪ್ರತಿ ಬೇಕೆಂದರೆ ಒಂದೇ ದಾರಿ ಉಳಿದಿತ್ತು. ಅಚ್ಚಾದದ್ದನ್ನು ಬಿಸಾಡಿ, ಉಳಿದ ಕಾಗದದಲ್ಲಿ ಇಡೀ ಪುಸ್ತಕವನ್ನು ಎಂಟು ಪುಟಕ್ಕೆ ಇಳಿಸುವುದು. ಕೈ ತೊಳೆಯುವುದರಿಂದ ಹಿಡಿದು ಒಂದಾದ ಮೇಲೊಂದು ಕೆಲಸ, ಎಚ್ಚರಿಕೆ ಅಲ್ಲಲ್ಲೇ. ಮೂರು ಗೆರೆಯ ಕೆಲಸ. ಕತೆಗೆ ಜಾಗವಿಲ್ಲ.

ನರ್ಸಬಾಯಿ ಬಂದರು. ನಾನು ಹೇಳಿದ್ದನ್ನು ಪೂರಾ ಕೇಳಿದರು.

“ಅಕ್ಷರ ಅಷ್ಟ ನೋಡ್ತೇನಿ ಅಂದಿದ್ರಿ.”

“ತಪ್ಪಾತ್ರಿ ಬಾಯಾರ. ಪೂರ್ತಿ ಓದದ ಹೇಳಿದೆ.”

“ಈ ಪುಸ್ತಕ ನಾ ಬರದದ್ದ ಆಕಿ ಸಲುವಾಗಿ. ಆಕೀನ್ನ ತಗದ ಮ್ಯಾಲೆ ಇದರಾಗ ನಂದೇನೈತಿ?”

“ಪ್ರತಿ ಕಡಿಮಿ ಮಾಡಿದ್ರ ಕತಿ ಉಳಿತೈತ್ರಿ. ಐದುನೂರು ಹೋಗಿ ಇನ್ನೂರೈವತ್ತು ಆಕ್ಕಾವ.”

“ಉಳದ ಇನ್ನೂರೈವತ್ತು ಮಂದಿ ಬರೇ ಕೈಲೆ ಹೋಗ್ಬೇಕೇನು?”

ನರ್ಸಬಾಯಿ ನನ್ನ ಪೆನ್ಸಿಲ್ ಕೇಳಿ ತೆಗೆದುಕೊಂಡು, ಮಗಳಿದ್ದ ಎರಡು ಪುಟಗಳನ್ನು ತಾವೇ ಅಡ್ಡಡ್ಡ ಹೊಡೆದರು. ಎಂಟು ಪುಟಗಳನ್ನು ಇಬ್ಬರೂ ಕೂಡಿ ಕಟ್ಟಿದೆವು. ‘ಮಾಸು ತೆಗೆಯಿರಿ’ ಹೋಗಿ, ‘ಮಾಸು ತಾನಾಗಿ ಬೀಳುವವರೆಗೆ ಕಾಯಿರಿ. ಬಳ್ಳಿ ಎಳೆಯಬೇಡಿ. ರಕ್ತ ಹೆಚ್ಚಾದರೆ ಕೂಡಲೇ ದವಾಖಾನೆಗೆ ಒಯ್ಯಿರಿ’ ಅಂತ ಬಂತು. ಈ ಸಲ ಅಚ್ಚಿಗೆ ಬಿಡುವ ಮೊದಲು ಅದನ್ನು ಗಟ್ಟಿಯಾಗಿ ಎರಡು ಸಲ ಓದಿಸಿ ಕೇಳಿದೆ.

ಸೂಲಗಿತ್ತಿಯರು ಸೇರಿದ ದಿನ ಶಾಲೆಯ ಮಾಸ್ತರೊಬ್ಬರು ಪುಸ್ತಕ ಓದಿ ಹೇಳಿದರು. ಬಳ್ಳಿಯ ಸಾಲಿಗೆ ಬಂದಾಗ ಹಾನಗಲ್ ಕಡೆಯ ಒಬ್ಬ ಮುದುಕಿ ತಡೆದಳು.

“ನಿಲ್ರಿ. ನಮ್ಮವ್ವನ ಕಾಲದಿಂದ ಎಳ್ಯಾಕತ್ತೇವಿ. ಎಳದ್ರ ಏನಾಕ್ಕೈತಿ ಅಂತ ಬರದಿಲ್ಲೇನು?”

ಮಾಸ್ತರು ಹಾಳೆ ತಿರುವಿದರು. ಬರೆದಿರಲಿಲ್ಲ. ಕತೆಯ ಜೊತೆ ಕಾರಣವನ್ನೂ ತೆಗೆದುಹಾಕಿದ್ದೆ. ಅರ್ಧ ಸಾಲು ಸಾಕಾಗುತ್ತಿತ್ತು.

ನರ್ಸಬಾಯಿ ಎದ್ದು ನಿಂತರು.

“ನನ್ನ ಮಗಳು ಸತ್ಲು,” ಅಂದರು. “ನಿಮ್ಹಂಗ ತಿಳದ ಸೂಲಗಿತ್ತೀನ ಬಳ್ಳಿ ಎಳದಿದ್ಲು.”

ಹಂಚಿದ ಪ್ರತಿಗಳನ್ನೆಲ್ಲ ವಾಪಸು ಕೇಳಿ ತೆಗೆದುಕೊಂಡು, ನಾನು ಆ ಸಾಲಿನ ಪಕ್ಕ ಕೈಯಿಂದ ಬರೆಯತೊಡಗಿದೆ. ‘ಎಳೆದರೆ ತಾಯಿ ಸಾಯಬಹುದು.’ ಶಿಗ್ಗಾವಿ ಕಡೆಯ ಸೂಲಗಿತ್ತಿಯರು ಬಂಡಿಗೆ ಹೊತ್ತಾಯಿತೆಂದು ಏಳತೊಡಗಿದರು. ನನ್ನ ಮುಂದೆ ಇನ್ನೂ ನಾನೂರಕ್ಕೂ ಹೆಚ್ಚು ಪ್ರತಿ ಇದ್ದವು.