ದಿಲ್ಲಿಗೆ ಒಂದೇ ಟಿಕೆಟ್

ದಿಲ್ಲಿಯ ಖರೀದಿದಾರರಿಗೆ ಬ್ಯಾಡಗಿ ಮೆಣಸಿನಕಾಯಿ ತೋರಿಸಲು ನಾನೂ ಅಣ್ಣನೂ ವಿಮಾನದ ಟಿಕೆಟ್ ಹುಡುಕುತ್ತಿದ್ದೆವು. ಅಂಗಡಿಯಲ್ಲಿ ಕೂತಿದ್ದೆವು ಎಂದು ನನ್ನ ನೆನಪು; ಅದನ್ನು ಪೂರ್ತಿ ನಂಬಬೇಡಿ. ಬೆಂಗಳೂರು ಸುತ್ತಿ ಹೋಗುವುದು ಅಗ್ಗ. ಹುಬ್ಬಳ್ಳಿಯಿಂದ ನೇರ ಹೋಗುವುದು ದುಬಾರಿ, ಆದರೆ ವಿಮಾನ ಉಗುಳುವ ಹೊಗೆ ಕಡಿಮೆ ಎಂದೆ.

“ಎಷ್ಟು ಕಡಿಮಿ?” ಎಂದ ಅಣ್ಣ.

“ಬೆಂಗಳೂರು ಸುತ್ತಿದ್ರ ಉತ್ತರಕ್ಕ ಹೋಗಾಕ ಮೊದಲ ದಕ್ಷಿಣಕ್ಕ ಹಾರಬೇಕು, ಎರಡು ಸಲ ಮ್ಯಾಲೇರಬೇಕು. ನೇರ ಹೋದ್ರ ಸುಮಾರು ಮೂರರಾಗ ಒಂದು ಪಾಲು ಉಳಿತೈತಿ.”

ಪಕ್ಕದಲ್ಲಿ ಕಾಯಿ ಆರಿಸುತ್ತಿದ್ದ ಅಣ್ಣನ ಹೆಂಡತಿ, ನಮ್ಮ ವೈನಿ, ನಕ್ಕರು. “ಒಬ್ಬರ ಹೋದ್ರ ಅರ್ಧಾನ ಉಳಿತೈತಿ. ಒಂದು ಸ್ಯಾಂಪಲ್ ಚೀಲ ಹಿಡಿಯಾಕ ಇಬ್ಬರು ಯಾಕ?”

ನನಗೂ ಅಣ್ಣನಿಗೂ ಹೋಗುವ ಆಸೆ. “ಹಂಗಾರ ಬಣ್ಣ, ಸುಕ್ಕು ನೋಡಿ ದರ ಮಾತಾಡಾಕ ಬರೋರು ಹೋಗ್ಲಿ,” ಎಂದುಬಿಟ್ಟ ಅಣ್ಣ, ನಮ್ಮಲ್ಲಿ ಅದು ಬರುವುದು ತನ್ನ ಹೆಂಡತಿಗೆ ಮಾತ್ರ ಎಂದು ಹೊಳೆದು ತಾನೇ ನಕ್ಕ.

ನೇರ ವಿಮಾನಕ್ಕೆ ವೈನಿಯ ಹೆಸರಲ್ಲಿ ಟಿಕೆಟ್ ತೆಗೆದೆವು. ಅವರು ಕಿಟಕಿಯ ಸೀಟೇ ಬೇಕೆಂದರು.